ಎದ್ದು ನಿಂತರೆ ಮಾತು ನಿಲ್ಲುವ ಹುಡುಗಿ: ಎಂಟನೇ ತರಗತಿಗೆ ಪಾಠ ಮಾಡುವವರಿಗೆ

ಎಲ್ಲ ವಿಷಯ ಶಿಕ್ಷಕರಿಗೆ,

ಎಂಟನೇ ತರಗತಿ 'ಬಿ' ವಿಭಾಗದ ಎರಡನೇ ಬೆಂಚಿನ ಹುಡುಗಿ ಯಾರು ಅಂತ ನಿಮಗೆಲ್ಲ ಗೊತ್ತು. ಹೆಸರು ಬರೆದಿಲ್ಲ, ಬೇಕಂತಲೇ. ಈ ಹಾಳೆ ಸ್ಟಾಫ್ ರೂಮಿನ ಬೀರುವಿನಲ್ಲಿ ಇರಲಿ, ಮಕ್ಕಳ ಕೈಗೆ ಸಿಗುವುದು ಬೇಡ.

ಅವಳ ನೋಟ್ಸು ಅಚ್ಚುಕಟ್ಟು. ಕಿರುಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಹದಿನೇಳು, ಹದಿನೆಂಟು. ಆದರೆ ಹೆಸರು ಕರೆದು ಪ್ರಶ್ನೆ ಕೇಳಿದರೆ ಎದ್ದು ನಿಲ್ಲುತ್ತಾಳೆ, ಲಂಗದ ಅಂಚು ಹಿಡಿಯುತ್ತಾಳೆ, ಕಣ್ಣು ಡೆಸ್ಕಿನ ಒಂದೇ ಕಡೆ ನೆಡುತ್ತದೆ. ತುಟಿ ಅಲ್ಲಾಡುತ್ತದೆ, ಸದ್ದು ಬರುವುದಿಲ್ಲ. 'ಹಟ' ಅಂತ ಒಬ್ಬರು ಹೇಳಿದರು, 'ಓದಿರಲ್ಲ ಬಿಡಿ' ಅಂತ ಇನ್ನೊಬ್ಬರು. ಜೂನ್‌ನಲ್ಲಿ ನಾನೂ ಹಾಗೇ ಅಂದುಕೊಂಡು ಇಡೀ ಪೀರಿಯಡ್ ನಿಲ್ಲಿಸಿದ್ದೆ. ಅದು ನನ್ನ ತಪ್ಪು.

ಆ ಹೊತ್ತಿನಲ್ಲಿ ಏನಾಗುತ್ತದೆ

ಹಾವು ಕಂಡಾಗ ಓಡುತ್ತೇವೆ, ಇಲ್ಲವೇ ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ. ಅಪಾಯ ಅಂತ ಮಿದುಳಿಗೆ ಅನಿಸಿದರೆ ಸಾಕು, ಮೈ ತಾನಾಗೇ ಹೀಗೆ ಮಾಡುತ್ತದೆ. ಈ ಹುಡುಗಿಗೆ ನಲವತ್ತು ಜೋಡಿ ಕಣ್ಣು ಒಟ್ಟಿಗೆ ತಿರುಗುವುದೇ ಹಾವು. ಎದೆ ಬಡಿದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ರಾತ್ರಿ ಓದಿದ್ದು ನೆನಪಿಗೆ ಬರುವುದಿಲ್ಲ. ಕೂತ ಎರಡು ನಿಮಿಷಕ್ಕೆ ಉತ್ತರ ಪೂರ್ತಿ ನೆನಪಾಗುತ್ತದೆ. ಇದನ್ನು ಅವಳೇ ನನಗೆ ಚೀಟಿಯಲ್ಲಿ ಬರೆದುಕೊಟ್ಟಳು.

ನಮ್ಮ ಶಿಡ್ಲಘಟ್ಟದ ಕಡೆಯವರಿಗೆ ಇದು ಅರ್ಥವಾಗುವುದು ಕಷ್ಟವಲ್ಲ. ಅವಳ ಮನೆಯಲ್ಲಿ ರೇಷ್ಮೆ ಸಾಕಣೆ. ಹುಳು ಪೊರೆ ಬಿಡಲು ಜ್ವರಕ್ಕೆ ಕೂತಾಗ ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಆಗ ಯಾರಾದರೂ ಅದನ್ನು ಕೆದಕಿ ಸೊಪ್ಪು ತಿನ್ನು ಅನ್ನುತ್ತಾರಾ?

ಇನ್ನೊಂದು ವಿಷಯ. ಮನೆಯಲ್ಲಿ ಅವರು ಮಾತಾಡುವುದು ತೆಲುಗು. ಜೂನ್‌ನಲ್ಲಿ ಒಂದು ದಿನ ಪಾಠ ಓದುವಾಗ 'ಮರ' ಅನ್ನುವ ಕಡೆ ಬಾಯಿ ತಪ್ಪಿ 'ಚೆಟ್ಟು' ಅಂದಳು. ತರಗತಿಯೆಲ್ಲ ಗೊಳ್ ಅಂತ ನಕ್ಕಿತು. ನಕ್ಕವರಲ್ಲಿ ಅರ್ಧ ಜನ ಮನೆಯಲ್ಲಿ ಚೆಟ್ಟು ಅಂತಲೇ ಅನ್ನುವವರು! ಅವಳ ಅಂಜಿಕೆ ಅಂದೇ ಶುರುವಾಗಿದ್ದಲ್ಲ. ಆದರೆ ಅಂದಿನಿಂದ ಜಾಸ್ತಿಯಾಯಿತು.

ಹೆಪ್ಪುಗಟ್ಟಿ ನಿಂತಾಗ

ಮೊದಲು ಕಾಯಿರಿ. ಪ್ರಶ್ನೆ ಕೇಳಿ ನಾವು ಎಷ್ಟು ಹೊತ್ತು ಸುಮ್ಮನಿರುತ್ತೇವೆ? 1970ರ ದಶಕದಲ್ಲಿ ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ ತರಗತಿಗಳಲ್ಲಿ ಇದನ್ನು ಅಳೆದರು. ಸುಮಾರು ಒಂದು ಸೆಕೆಂಡು ಅಷ್ಟೇ. ಮೂರು ಸೆಕೆಂಡು ಕಾದಾಗ ಮಕ್ಕಳ ಉತ್ತರ ಉದ್ದವಾಯಿತು, ಉತ್ತರಿಸುವವರೂ ಹೆಚ್ಚಾದರು. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಆದರೆ ಅವಳನ್ನೇ ನೋಡುತ್ತಾ ಎಣಿಸಬೇಡಿ. ಬೋರ್ಡಿನ ಕಡೆ ತಿರುಗಿ ಒಂದು ಪದ ಬರೆಯಿರಿ.

ಆಮೇಲೂ ಬರದಿದ್ದರೆ ಪ್ರಶ್ನೆಯನ್ನು ಚಿಕ್ಕದು ಮಾಡಿ. 'ದ್ಯುತಿಸಂಶ್ಲೇಷಣೆ ಎಂದರೇನು' ಅಂತ ಕೇಳಿದ್ದರೆ, 'ಇದಕ್ಕೆ ಬೆಳಕು ಬೇಕಾ, ಬೇಡ್ವಾ?' ಅನ್ನಿ. ತಲೆ ಆಡಿಸಿದರೂ ಅದು ಉತ್ತರವೇ. ಅದೂ ಆಗದಿದ್ದರೆ, 'ಯೋಚನೆ ಮಾಡ್ತಾ ಇರಮ್ಮ, ಆಮೇಲೆ ನಿನ್ನ ಹತ್ರ ಬರ್ತೀನಿ' ಅಂತ ಮಾಮೂಲಿ ದನಿಯಲ್ಲಿ ಹೇಳಿ ಕೂರಿಸಿ. ಆಮೇಲೆ ನಿಜವಾಗಿಯೂ ಹೋಗಿ. ಉಳಿದವರು ಬರೆದುಕೊಳ್ಳುವಾಗ ಅವಳ ಬೆಂಚಿನ ಪಕ್ಕ ನಿಂತು ಮೆಲ್ಲಗೆ ಕೇಳಿದರೆ ಹೇಳುತ್ತಾಳೆ, ಪಿಸುಮಾತಿನಲ್ಲಾದರೂ.

'ಯಾಕಮ್ಮ ಹೆದರ್ತೀಯ, ನಾನೇನು ಹುಲಿನಾ?' ಅನ್ನಬೇಡಿ. ಪ್ರೀತಿಯಿಂದಲೇ ಅಂದರೂ ತರಗತಿ ನಗುತ್ತದೆ. ಪಕ್ಕದ ಹುಡುಗಿಯಿಂದ ಉತ್ತರ ಹೇಳಿಸಿ 'ನೋಡು, ಇವಳಿಗೆ ಗೊತ್ತು' ಅನ್ನುವುದೂ ಬೇಡ. ಅವಳು ಹೇಗೋ ಉತ್ತರಿಸಿದ ದಿನ ಚಪ್ಪಾಳೆ ತಟ್ಟಿಸುವುದಂತೂ ಬೇಡವೇ ಬೇಡ. ನಾನು ಒಮ್ಮೆ ತಟ್ಟಿಸಿ, ಮಾರನೇ ದಿನ ಅವಳು ಗೈರುಹಾಜರಾಗಿದ್ದನ್ನು ನೋಡಿದ್ದೇನೆ. ನಿಲ್ಲಿಸುವುದು, ಹೀಯಾಳಿಸುವುದು ಕಾನೂನಿಗೂ ಸರಿಯಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತದ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ.

ಹಾಗಂತ ಬಿಟ್ಟುಬಿಡುವುದೂ ಅಲ್ಲ

ಪಾಪ ಅಂತ ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿದರೆ ಅವಳಿಗೆ ಹಾಯಾಗುತ್ತದೆ, ಅಂಜಿಕೆ ಮಾತ್ರ ಬಲಿಯುತ್ತದೆ. ತಪ್ಪಿಸಿಕೊಂಡಷ್ಟೂ 'ಇದು ನನ್ನ ಕೈಲಾಗದು' ಅನ್ನುವುದು ಗಟ್ಟಿಯಾಗುತ್ತದೆ. ಮೆಟ್ಟಿಲು ಬೇಕು, ಒಂದೊಂದೇ.

ಈಗ ಅವಳ ಜೊತೆ ಮಾತಾಡಿ ಹೀಗೆ ಮಾಡಿಕೊಂಡಿದ್ದೇವೆ. ನಾಳೆ ಕೇಳುವ ಪ್ರಶ್ನೆಯನ್ನು ಇವತ್ತು ಸಂಜೆಯೇ ಚೀಟಿಯಲ್ಲಿ ಬರೆದು ನೋಟ್‌ಬುಕ್ಕಿನಲ್ಲಿ ಇಟ್ಟು ಕಳಿಸುವುದು. ದಿನಕ್ಕೆ ಒಂದೇ ಪ್ರಶ್ನೆ, ಒಂದೇ ವಿಷಯದಲ್ಲಿ. ಕೂತೇ ಉತ್ತರಿಸಬಹುದು. ಅವಳೊಬ್ಬಳಿಗೇ ಹಾಗೆ ಅಂತ ಕಾಣಬಾರದು, ಅದಕ್ಕೇ ಇಡೀ 'ಬಿ' ವಿಭಾಗ ಕೂತೇ ಉತ್ತರಿಸಲಿ. ಪೆನ್ನು ಪುಸ್ತಕದ ಮೇಲೆ ಅಡ್ಡ ಇಟ್ಟಿದ್ದರೆ 'ಕೇಳಿ' ಅಂತ ಅರ್ಥ. ಪುಸ್ತಕದ ಒಳಗಿದ್ದರೆ 'ಇವತ್ತು ಬೇಡ'. ವಾರಕ್ಕೆ ಎರಡು 'ಬೇಡ' ಮಾತ್ರ. ಈ ಎರಡು ಅವಳೇ ಒಪ್ಪಿಕೊಂಡ ಲೆಕ್ಕ, ನಾನು ಮೂರು ಕೊಟ್ಟಿದ್ದೆ.

ಮೊದಲ ಎರಡು ವಾರ ಪಕ್ಕದ ಗೆಳತಿಗೆ ಹೇಳುವುದು. ಆಮೇಲೆ ನಾಲ್ಕು ಜನರ ಗುಂಪಿನಲ್ಲಿ. ಆಮೇಲೆ ಎಲ್ಲರ ಜೊತೆ ಸೇರಿ ಗಟ್ಟಿಯಾಗಿ ಓದುವುದು. ಅದಾದ ಮೇಲೆ ಒಬ್ಬಳೇ, ಒಂದು ವಾಕ್ಯ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಹಿಂದಿನ ಮೆಟ್ಟಿಲಿಗೆ ಬನ್ನಿ, ಗಲಾಟೆ ಬೇಡ. ಕನ್ನಡ ಪದ ಸಿಗದಿದ್ದರೆ ತೆಲುಗಿನಲ್ಲಿ ಹೇಳಲಿ. ನಾವು ಕನ್ನಡದಲ್ಲಿ ಬೋರ್ಡಿನ ಮೇಲೆ ಬರೆದು ಮುಂದೆ ಹೋಗೋಣ.

ಆಂತರಿಕ ಮೌಲ್ಯಮಾಪನದ ಮೌಖಿಕ ಪರೀಕ್ಷೆಯನ್ನು ಅವಳಿಗೆ ಬಿಸಿಯೂಟದ ನಂತರ, ಖಾಲಿ ಕೋಣೆಯಲ್ಲಿ ಮಾಡಿ. ಅಂಕ ಉಳಿದವರಷ್ಟೇ ಬಿಗಿಯಾಗಿ ಕೊಡಿ.

ವಿಜ್ಞಾನ ಮೇಷ್ಟ್ರಿಗೆ ಒಂದು ಕೋರಿಕೆ. ರೇಷ್ಮೆ ಹುಳುವಿನ ಜೀವನಚಕ್ರ ಹೇಳುವಾಗ ಇವಳನ್ನು ನೆನಪಿಡಿ. ಹುಳು ಯಾವಾಗ ಹಣ್ಣಾಯಿತು, ಗೂಡು ಕಟ್ಟಲು ಯಾವಾಗ ಚಂದ್ರಿಕೆಗೆ ಬಿಡಬೇಕು ಅನ್ನುವುದು ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಮುಂಚೆಯೇ ಕೇಳಿ, ಒಪ್ಪಿದರೆ ಮಾತ್ರ.

ಮನೆಯವರು, ಡಾಕ್ಟರು

ಅಮ್ಮನನ್ನು ಶಾಲೆಗೆ ಕರೆಸುವ ಮುಂಚೆ ಬೆಳೆ ಯಾವ ಹಂತದಲ್ಲಿದೆ ಕೇಳಿ. ನಾಲ್ಕನೇ ಜ್ವರ ಎದ್ದ ಮೇಲಿನ ವಾರ ಹುಳು ತಿನ್ನುವುದೇ ತಿನ್ನುವುದು, ಆಕೆಗೆ ನಿದ್ದೆಯೂ ಇರುವುದಿಲ್ಲ. ಬಂದಾಗ ದೂರು ಹೇಳುವ ಹಾಗೆ ಮಾತಾಡಬೇಡಿ. 'ಮನೆಯಲ್ಲಿ ಹೇಗಿರ್ತಾಳೆ?' ಅಂತ ಕೇಳಿ. ನಾನು ಕೇಳಿದಾಗ ಆಕೆ ನಕ್ಕುಬಿಟ್ಟರು, 'ಮನೇಲಿ ಬಾಯಿ ಮುಚ್ಚಲ್ಲ ಮೇಡಂ' ಅಂತ. ಕಿವಿ, ಕಣ್ಣು ಸರಿ ಇವೆಯಾ, ಉಗ್ಗು ಇದೆಯಾ ಅನ್ನುವುದನ್ನೂ ನೋಡಿಸಬೇಕು.

ಮನೆಯಲ್ಲಿ ಚೆನ್ನಾಗಿ ಮಾತಾಡುವ ಮಗು ಶಾಲೆಯಲ್ಲಿ ಯಾರ ಜೊತೆಯೂ ಒಂದು ತಿಂಗಳಿಗಿಂತ ಹೆಚ್ಚು ಕಾಲ ಮಾತಾಡದಿದ್ದರೆ ಅದು ಬರೀ ನಾಚಿಕೆ ಇರಲಾರದು. ಶಾಲೆ ಅಂದರೆ ಹೊಟ್ಟೆನೋವು, ವಾಂತಿ, ನಿದ್ದೆ ಬಾರದಿರುವುದು, ಸೋಮವಾರಗಳ ರಜೆ ಕಂಡರೆ ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಲು ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇರುತ್ತದೆ, ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಯಾರಾದರೂ ಅವಳಿಗೆ ತೊಂದರೆ ಕೊಡುತ್ತಿದ್ದಾರೆ ಅಂತ ಅನುಮಾನ ಬಂದರೆ ಕಾಯಬೇಡಿ, ಮುಖ್ಯೋಪಾಧ್ಯಾಯರಿಗೆ ಹೇಳಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಶನಿವಾರ ಬೆಳಗಿನ ತರಗತಿ ಬಿಟ್ಟ ಮೇಲೆ ಹತ್ತು ನಿಮಿಷ ಕೂರೋಣ. ಆ ವಾರ ಪೆನ್ನು ಎಷ್ಟು ಸಲ ಒಳಗಿತ್ತು, ಎಷ್ಟು ಸಲ ಹೊರಗಿತ್ತು ಅನ್ನುವ ಲೆಕ್ಕ ನಿಮ್ಮ ನಿಮ್ಮ ಡೈರಿಯಲ್ಲಿ ಇರಲಿ. ಸೋಮವಾರದ ಚೀಟಿ ಗಣಿತದ ಮೇಡಂದು.