ಸದ್ದಿಲ್ಲದೆ ಬದಲಾದ ಲೋನು, ಜಾಮೀನು ಹಾಕಿದ ಮೇಷ್ಟ್ರು: ಲಾ ಪರೀಕ್ಷೆಯ ಕಾಂಟ್ರಾಕ್ಟ್ ಪೇಪರ್‌ಗೆ ಒಂದು ಪ್ರಾಬ್ಲಂ, ಪೂರ್ತಿ ಉತ್ತರದ ಜೊತೆ

ಮೊದ್ಲು ಪ್ರಾಬ್ಲಂ ಓದಿ, ತಾರೀಖುಗಳನ್ನ ಪಕ್ಕದಲ್ಲಿ ಬರ್ಕೊಳ್ಳಿ.

ತುಮಕೂರಿನ ಸುರೇಶ ಪ್ರಿಂಟಿಂಗ್ ಪ್ರೆಸ್ ಇಟ್ಟಿದಾನೆ. ಜೂನ್ 2021ರಲ್ಲಿ ಒಂದು ಬ್ಯಾಂಕಿಂದ 12 ಲಕ್ಷ ಟರ್ಮ್ ಲೋನ್ ತಗೊಂಡ, ಬಡ್ಡಿ 11 ಪರ್ಸೆಂಟ್, 60 ಕಂತು, ತಿಂಗಳಿಗೆ 26,091 ರೂಪಾಯಿ. ಜಾಮೀನು ಹಾಕಿದ್ದು ಅವನ ಸೋದರಮಾವ ರಾಮಣ್ಣ, ರಿಟೈರ್ಡ್ ಮೇಷ್ಟ್ರು. ಅವರು ಸೈನ್ ಹಾಕಿದ ಗ್ಯಾರಂಟಿ ಪತ್ರದ 9ನೇ ಷರತ್ತು ಹೀಗಿದೆ: "ಜಾಮೀನುದಾರನಿಗೆ ತಿಳಿಸದೆಯೇ ಸಾಲಗಾರನಿಗೆ ಕಾಲಾವಕಾಶ ಅಥವಾ ಇತರ ರಿಯಾಯಿತಿ ನೀಡಲು ಬ್ಯಾಂಕ್ ಸ್ವತಂತ್ರವಾಗಿರುತ್ತದೆ."

ಸುರೇಶ 22 ಕಂತು ಸರಿಯಾಗಿ ಕಟ್ಟಿದ, ಬಾಕಿ ಸುಮಾರು 8 ಲಕ್ಷ 34 ಸಾವಿರಕ್ಕೆ ಇಳೀತು. 2023 ಮೇ 2ನೇ ತಾರೀಖು ಬ್ಯಾಂಕಿನೋರು ಮತ್ತು ಸುರೇಶ ಇಬ್ಬರೇ ಕೂತು ಒಂದು ಪೂರಕ ಪತ್ರಕ್ಕೆ ಸೈನ್ ಹಾಕ್ತಾರೆ. ಬಡ್ಡಿ 13.5 ಪರ್ಸೆಂಟ್, ಉಳಿದ 38 ಕಂತು 72 ಆಗುತ್ತೆ, ಈ ಬಾಕಿಯ ಕಂತು 16,960ರ ಹತ್ರಕ್ಕೆ ಇಳಿಯುತ್ತೆ, ಜೊತೆಗೆ ಹೊಸದಾಗಿ 3 ಲಕ್ಷ ಟಾಪ್-ಅಪ್ ಸಾಲ, ಹಳೇ ಒಪ್ಪಂದದ ಉಳಿದ ಷರತ್ತು ಹಾಗೇ ಮುಂದುವರಿಯುತ್ತೆ ಅಂತಾನೂ ಬರ್ದಿದೆ. ರಾಮಣ್ಣನೋರಿಗೆ ಒಂದು ಫೋನೂ ಇಲ್ಲ. ಆ ಡಿಸೆಂಬರಲ್ಲಿ ಸುರೇಶ "ಮಾವ, ಈ ತಿಂಗಳು ಕೈ ಕಟ್ಟೋಗಿದೆ" ಅಂದಾಗ ಅವರು ಒಂದು ಕಂತು ತಮ್ಮ ಪೆನ್ಷನ್ ಅಕೌಂಟಿಂದ ಕಟ್ಟಿದಾರೆ. ಹೊಸ ಲೆಕ್ಕದ 9 ಕಂತಾದ್ಮೇಲೆ ಸುರೇಶ ನಿಲ್ಲಿಸಿಬಿಟ್ಟ. ಸೆಪ್ಟೆಂಬರ್ 2024ರಲ್ಲಿ 11,72,000 ಕಟ್ಟಿ ಅಂತ ಇಬ್ಬರಿಗೂ ನೋಟಿಸ್, ಆಮೇಲೆ ಸಿವಿಲ್ ಕೋರ್ಟಲ್ಲಿ ದಾವೆ (20 ಲಕ್ಷಕ್ಕಿಂತ ಕಡಿಮೆ, ಹಾಗಾಗಿ ಬ್ಯಾಂಕ್ ಸಾಲ ವಸೂಲಿಯ ಟ್ರಿಬ್ಯೂನಲ್ ಆದ ಡಿಆರ್‌ಟಿಗೆ ಹೋಗಲ್ಲ). ನನ್ನ ಜಾಮೀನು ಮುಗಿದೋಯ್ತು ಅಂತಾರೆ ರಾಮಣ್ಣ. ನಿಲ್ಲುತ್ತಾ?

ಈಗ ಉತ್ತರ.

ಮುಕ್ಕಾಲು ಪಾಲು ಹುಡುಗ್ರು ಬರೆಯೋದು ಒಂದೇ ಸಾಲು, "ಸೆಕ್ಷನ್ 133 ಪ್ರಕಾರ ಒಪ್ಪಿಗೆ ಇಲ್ಲದೆ ಬದಲಾವಣೆ ಆಗಿದೆ, ಆದ್ದರಿಂದ ಜಾಮೀನುದಾರ ಬಿಡುಗಡೆ." ಇದು ಅರ್ಧ ಉತ್ತರ ಅಷ್ಟೇ, ನಿಜವಾದ ಕೇಸಲ್ಲಿ ಹೀಗೆ ವಾದ ಮಾಡಿದ್ರೆ ಕಕ್ಷಿದಾರನ ಮನೆ ಹೋಗುತ್ತೆ. 1872ರ ಕಾಂಟ್ರಾಕ್ಟ್ ಆಕ್ಟಿನ 133ನೇ ಸೆಕ್ಷನ್ನನ್ನ ಕೊನೇ ತನಕ ಓದಿ: ಬದಲಾವಣೆಯ *ನಂತರದ ವ್ಯವಹಾರಗಳ* ಮಟ್ಟಿಗೆ ಬಿಡುಗಡೆ ಅಂತಿದೆ. 12 ಲಕ್ಷ ಕೈಗೆ ಬಂದಿದ್ದು 2021ರಲ್ಲಿ, ಬದಲಾವಣೆ ಆಗಿದ್ದು 2023ರಲ್ಲಿ. ಬ್ಯಾಂಕಿನ ವಕೀಲರು ಎದ್ದು ನಿಂತು ಹೇಳೋದೇ ಇದು, ಆ 8.34 ಲಕ್ಷ ಹಳೇ ವ್ಯವಹಾರ ಸ್ವಾಮಿ, ಅದಕ್ಕೆ 133 ತಾಗಲ್ಲ ಅಂತ. ಟಾಪ್-ಅಪ್ 3 ಲಕ್ಷಕ್ಕೆ ಮಾತ್ರ ವಾದಕ್ಕೇ ಜಾಗ ಇಲ್ಲ, ಅದು ಬದಲಾವಣೆ ನಂತರದ್ದು, ಮೇಲಾಗಿ ಗ್ಯಾರಂಟಿ ಇದ್ದಿದ್ದೇ ಆ 12 ಲಕ್ಷದ ಲೋನಿಗೆ, ಅದನ್ನ ಪಕ್ಕಕ್ಕಿಡಿ.

ಹಳೇ ಬಾಕಿಗೆ ರಾಮಣ್ಣನೋರ ಕೈ ಹಿಡಿಯೋದು ಸೆಕ್ಷನ್ 135. ಸಾಲಗಾರನಿಗೆ ಟೈಮ್ ಕೊಡ್ತೀವಿ ಅಂತ ಬ್ಯಾಂಕು ಅವನ ಜೊತೆ *ಒಪ್ಪಂದ* ಮಾಡ್ಕೊಂಡ್ರೆ, ಜಾಮೀನುದಾರ ಒಪ್ಪದೇ ಇದ್ರೆ, ಅವನು ಬಿಡುಗಡೆ. ಇಲ್ಲಿ "ನಂತರದ ವ್ಯವಹಾರ" ಅನ್ನೋ ಬೇಲಿ ಇಲ್ಲ. ಸುಮ್ಮನೆ ಕಾಯೋದು ಬೇರೆ, ಎರಡು ತಿಂಗಳು ಕೇಸ್ ಹಾಕದೆ ಕೂತ್ರೆ ಸೆಕ್ಷನ್ 137 ಪ್ರಕಾರ ಜಾಮೀನು ಬಿಡಲ್ಲ. ಆದ್ರೆ ಇಲ್ಲಿ ಸುರೇಶ ಎರಡೂವರೆ ಪರ್ಸೆಂಟ್ ಜಾಸ್ತಿ ಬಡ್ಡಿ ಕೊಟ್ಟು ಟೈಮ್ *ಕೊಂಡ್ಕೊಂಡಿದಾನೆ*, ಪ್ರತಿಫಲ ಇದೆ, ಬ್ಯಾಂಕಿನ ಕೈ ಕಟ್ಟಿದೆ. ಅದಕ್ಕೇ ಕಾನೂನು ಇಷ್ಟು ಗಟ್ಟಿ. ಹಳೇ ತಾರೀಖಲ್ಲಿ ಕಂತು ತಪ್ಪಿದ್ರೆ ಮೇಷ್ಟ್ರು ತಾವೇ ದುಡ್ಡು ಕಟ್ಟಿ ಬ್ಯಾಂಕಿನ ಜಾಗದಲ್ಲಿ ನಿಂತು ಅಳಿಯನ ಮೇಲೆ ವಸೂಲಿಗೆ ಹೋಗ್ಬಹುದಿತ್ತು, ಆ ದಾರಿ ಅವರಿಗೆ ಗೊತ್ತಿಲ್ಲದ ಹಾಗೆ ಮುಚ್ಚೋಯ್ತು.

ಈಗ ನಿಜವಾದ ಗುದ್ದಾಟ, 9ನೇ ಷರತ್ತು. ಕಾಲಾವಕಾಶಕ್ಕೆ ಮೊದಲೇ ಒಪ್ಪಿದೀರಲ್ಲ ಅಂತ ಬ್ಯಾಂಕು ಕೇಳುತ್ತೆ, ಮತ್ತೆ ಇಂಥ ಮುಂಗಡ ಒಪ್ಪಿಗೆ ನಡೆಯುತ್ತೆ ಅಂತ ನಮ್ಮ ಕರ್ನಾಟಕ ಹೈಕೋರ್ಟೇ ಟಿ. ರಾಜು ಸೆಟ್ಟಿ ಕೇಸಲ್ಲಿ (1992) ಹೇಳಿದೆ, ಬೇರೆ ಹೈಕೋರ್ಟಲ್ಲಿ ಉಲ್ಟಾ ಅಭಿಪ್ರಾಯ ಇದ್ರೂ ತುಮಕೂರಿನ ಕೋರ್ಟಿಗೆ ಇದೇ. ಹಾಗಾಗಿ ಷರತ್ತೇ ಅಸಿಂಧು ಅಂತ ವಾದ ಮಾಡಕ್ಕೆ ಹೋಗ್ಬೇಡಿ, ಷರತ್ತಿನ ಒಳಗೆ ಏನಿದೆ ಅಂತ ನೋಡಿ. "ಕಾಲಾವಕಾಶ ಅಥವಾ ಇತರ ರಿಯಾಯಿತಿ." ಬಡ್ಡಿ ಏರಿಸೋದು ರಿಯಾಯಿತಿನಾ? ಹಳೇದ್ರಲ್ಲಿ 38 ಕಂತಿಗೆ ಕಟ್ಬೇಕಿದ್ದದ್ದು ಸುಮಾರು 9 ಲಕ್ಷ 91 ಸಾವಿರ. ಹೊಸದ್ರಲ್ಲಿ 72 ಕಂತಿಗೆ 12 ಲಕ್ಷ 21 ಸಾವಿರ. ಕಂತು ಸಣ್ಣದು ಕಾಣುತ್ತೆ, ಹೊರೆ 2 ಲಕ್ಷ 30 ಸಾವಿರ ಜಾಸ್ತಿ, ಅದೂ 34 ತಿಂಗಳು ಜಾಸ್ತಿ ಹೊತ್ಕೊಂಡಿರ್ಬೇಕು, ಮೇಷ್ಟ್ರಿಗೆ ಆಗ್ಲೇ ಅರವತ್ತೈದು. ಜಾಮೀನು ಪತ್ರವನ್ನ ಅದರ ಮಾತಿಗಿಂತ ಆಚೆ ಎಳೆಯೋ ಹಾಗಿಲ್ಲ. ಬಡ್ಡಿನೂ ಟೈಮೂ ಒಂದೇ ಒಪ್ಪಂದ, ಅರ್ಧಕ್ಕೆ ಒಪ್ಪಿಗೆ ಇದೆ ಅಂತ ಪೂರ್ತಿ ಒಪ್ಪಂದಕ್ಕೆ ಒಪ್ಪಿಗೆ ಆಗಲ್ಲ.

ಬ್ಯಾಂಕು ಅನಿರುದ್ಧನ್ ವರ್ಸಸ್ ಥಾಮ್ಕೋಸ್ ಬ್ಯಾಂಕ್ ತೋರಿಸುತ್ತೆ, ಸುಪ್ರೀಂ ಕೋರ್ಟ್, 1963. ಅಲ್ಲಿ ಸಾಲಗಾರ ಗ್ಯಾರಂಟಿ ಪತ್ರದಲ್ಲಿ 25,000 ಇದ್ದದ್ದನ್ನ 20,000 ಅಂತ ತಿದ್ದಿದ್ದ, ಆದ್ರೂ ಜಾಮೀನುದಾರ ತಪ್ಪಿಸ್ಕೊಳ್ಳಕ್ಕೆ ಆಗ್ಲಿಲ್ಲ. ಆದ್ರೆ ಅಲ್ಲಿ ಹೊಣೆ *ಇಳಿದಿತ್ತು*. ಇಲ್ಲಿ ಏರಿದೆ. ನಮ್ಮ ಕಡೆಗೆ ಇಂಗ್ಲೆಂಡಿನ ಹೋಮ್ ವರ್ಸಸ್ ಬ್ರನ್ಸ್‌ಕಿಲ್ (1878) ಇದೆ, ನನಗೆ ಬಹಳ ಇಷ್ಟದ ಕೇಸು. ಜಮೀನಿನ ಜೊತೆ ಗುತ್ತಿಗೆಗೆ ಕೊಟ್ಟ 700 ಕುರಿಯನ್ನ ಚೆನ್ನಾಗಿ ವಾಪಸ್ ಕೊಡ್ತಾನೆ ಅಂತ ಒಬ್ಬ ಜಾಮೀನು ನಿಂತಿದ್ದ. ಆಮೇಲೆ ಮಾಲೀಕ, ಗೇಣಿದಾರ ಸೇರಿ ಒಂದು ಹೊಲ ಬಿಟ್ಟುಕೊಟ್ಟು, ಗುತ್ತಿಗೆ 10 ಪೌಂಡ್ ಇಳಿಸ್ಕೊಂಡ್ರು. ಜ್ಯೂರಿ ಇದೇನು ದೊಡ್ಡ ವ್ಯತ್ಯಾಸ ಅಲ್ಲ ಅಂದ್ರೂ ಮೇಲ್ಮನವಿಲಿ ಜಾಮೀನುದಾರ ಗೆದ್ದ. ಬದಲಾವಣೆಯಿಂದ ಅವನಿಗೆ ತೊಂದ್ರೆ ಇಲ್ಲ ಅನ್ನೋದು ಮೇಲ್ನೋಟಕ್ಕೇ ಸ್ಪಷ್ಟ ಇಲ್ದಿದ್ರೆ, ಒಪ್ಪಬೇಕೋ ಬೇಡ್ವೋ ಅಂತ ತೀರ್ಮಾನಿಸೋನು ಅವನೇ, ಕೋರ್ಟ್ ಅಲ್ಲ.

ಇನ್ನು ಡಿಸೆಂಬರಲ್ಲಿ ಕಟ್ಟಿದ ಒಂದು ಕಂತು. ಇದ್ರಿಂದ ಒಪ್ಪಿದ ಹಾಗಾಯ್ತು ಅಂತ ಬ್ಯಾಂಕು ಹೇಳೇ ಹೇಳುತ್ತೆ. ಏನು ಬದಲಾಗಿದೆ ಅಂತ ಗೊತ್ತಿದ್ರೆ ತಾನೇ ಒಪ್ಪೋದು? 26,091ರ ಬದಲು 16,960 ಕಟ್ಟುವಾಗ ಅನುಮಾನ ಬರ್ಲಿಲ್ವಾ ಅಂತ ಪಾಟೀಸವಾಲಲ್ಲಿ ಖಂಡಿತ ಕೇಳ್ತಾರೆ, ಅದಕ್ಕೆ ಮೇಷ್ಟ್ರು ಉತ್ತರ ಕೊಡ್ಬೇಕು: ಕಂತು ಎಷ್ಟು ಅಂತ ನನಗೆ ಮೊದ್ಲೂ ಗೊತ್ತಿರ್ಲಿಲ್ಲ, ಅಳಿಯ ಹೇಳಿದಷ್ಟು ಹಾಕ್ದೆ. ಇಡೀ ಕೇಸಲ್ಲಿ ನನಗೆ ಭಯ ಇರೋದು ಈ ಒಂದು ಜಾಗದಲ್ಲೇ.

ಮೊದ್ಲು ಸುರೇಶನ ಮೆಷಿನ್ ಮಾರಿ ವಸೂಲಿ ಮಾಡ್ಕೊಳ್ಳಿ ಅನ್ನೋ ವಾದ ಬರೀಲೇಬೇಡಿ, ಬ್ಯಾಂಕ್ ಆಫ್ ಬಿಹಾರ್ ವರ್ಸಸ್ ದಾಮೋದರ್ ಪ್ರಸಾದ್ (1969) ಅದಕ್ಕೆ ಬಾಗಿಲು ಹಾಕಿದೆ.

ಹಾಗಾಗಿ ನನ್ನ ಉತ್ತರ: ಟಾಪ್-ಅಪ್‌ಗೆ ಮತ್ತು ಏರಿಸಿದ ಬಡ್ಡಿಗೆ ರಾಮಣ್ಣ ಹೊಣೆ ಅಲ್ಲ. ಹಳೇ 8.34 ಲಕ್ಷಕ್ಕೂ 135ರಲ್ಲಿ ಬಿಡುಗಡೆ ಆಗ್ಬೇಕು. ಕೋರ್ಟು 9ನೇ ಷರತ್ತನ್ನ ಅಗಲವಾಗಿ ಓದಿದ್ರೆ, ಪರ್ಯಾಯವಾಗಿ ಹೊಣೆ ಹಳೇ ಬಾಕಿಗೆ ಮಾತ್ರ, 11 ಪರ್ಸೆಂಟಲ್ಲಿ, ಕಟ್ಟಿದ 9 ಕಂತನ್ನೂ ಅದೇ ದರದ ಲೆಕ್ಕದಲ್ಲಿ ಕಳೆದು. ಎರಡನ್ನೂ ಲಿಖಿತ ಹೇಳಿಕೆಯಲ್ಲಿ ಬೇರೆ ಬೇರೆ ಪ್ಯಾರಾ ಮಾಡಿ ಬರೀರಿ, ಮೇ 2ರ ಪೂರಕ ಪತ್ರದ ಮೂಲ ಪ್ರತಿ ಹಾಜರುಪಡಿಸಿ ಅಂತ ಅರ್ಜಿನೂ ಅದರ ಜೊತೆಗೇ ಹಾಕಿ. ಅದ್ರಲ್ಲಿ ಜಾಮೀನುದಾರರ ಸಹಿಗೆ ಅಂತ ಬಿಟ್ಟ ಜಾಗ ಖಾಲಿ ಇರುತ್ತೆ, ಜಡ್ಜ್ ಸಾಹೇಬರು ಅದನ್ನ ಕಣ್ಣಾರೆ ನೋಡ್ಲಿ.