ವಿಷಯ: ಖಾತೆ ವಾಪಸ್ ಬಂತು, ಚಾಟ್‌ಗಳು ಬಂದಿಲ್ಲ (ಟಿಕೆಟ್ 4471908)

14 ಜೂನ್ 2025, ಸಾಗರ

ಸಹಾಯ ತಂಡದವರಿಗೆ ನಮಸ್ಕಾರ,

ನಿಮ್ಮ ದೂರಿನ ಫಾರ್ಮ್‌ನಲ್ಲಿ ಭಾಷೆ ಆರಿಸಿ ಅಂತ ಇದ್ದ ಕಡೆ ಕನ್ನಡವೂ ಇತ್ತು. ಹಾಗಾಗಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ದಯವಿಟ್ಟು ಕನ್ನಡ ಓದಲು ಬರುವವರ ಕೈಗೇ ಇದನ್ನು ಕೊಡಿ. ಈ ರಾಮಾಯಣ ಶುರುವಾಗಿದ್ದೇ ಯಾರೋ, ಅಥವಾ ಯಾವುದೋ ಯಂತ್ರ, ಕನ್ನಡ ಓದದೆ ಬರೀ ಫೋಟೊ ನೋಡಿ ತೀರ್ಮಾನ ಮಾಡಿದ್ದರಿಂದ ಅಂತ ನನ್ನ ಅನುಮಾನ.

ನಾನು ಮನೆಯಲ್ಲಿ ಉಪ್ಪಿನಕಾಯಿ, ಹಪ್ಪಳ, ತಂಬುಳಿ ಪುಡಿ ಮಾಡಿ ಮಾರುತ್ತೇನೆ. ಅಂಗಡಿ ಅಂತ ಬೇರೆ ಇಲ್ಲ, ನಾಲ್ಕು ವರ್ಷದಿಂದ ನಿಮ್ಮ ಆ್ಯಪ್‌ನಲ್ಲಿರುವ ಖಾತೆಯೇ ಅಂಗಡಿ. ಮೇ 5ರ ರಾತ್ರಿ ಒಂದು ಫೋಟೊ ಹಾಕಿದೆ. ನೆರಳಲ್ಲಿ ಒಣಗಿಸಿದ ಒಂದೆಲಗ, ಸಣ್ಣ ಜಿಪ್ ಕವರಿನಲ್ಲಿ, ಪಕ್ಕದಲ್ಲಿ ಪುಟ್ಟ ತಕ್ಕಡಿ. ಕೆಳಗೆ "ಒಣ ಸೊಪ್ಪು ರೆಡಿ ಇದೆ, 100 ಗ್ರಾಂಗೆ 120, ಬೇಕಾದವರು ಮೆಸೇಜ್ ಮಾಡಿ" ಅಂತ ಬರೆದಿದ್ದೆ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಖಾತೆಯೇ ಇಲ್ಲ. ನಿಷೇಧಿತ ವಸ್ತುಗಳ ಮಾರಾಟ ಅಂತ ಕಾರಣ ಕೊಟ್ಟಿದ್ದಿರಿ. ಆ ಫೋಟೊವನ್ನು ಈಗ ನಾನೇ ನೋಡಿದರೆ, ಸತ್ಯ ಹೇಳ್ತೀನಿ, ಯಾಕೆ ಹಾಗನ್ನಿಸಿತು ಅಂತ ಅರ್ಥವಾಗುತ್ತದೆ, ನಗುವೂ ಬರುತ್ತದೆ. ಆದರೆ ಒಂದೆಲಗ ನಮ್ಮಲ್ಲಿ ತೋಟದ ಕಾಲುವೆ ಬದಿಯಲ್ಲಿ ಸುಮ್ನೆ ಬೆಳೆಯುವ ಸೊಪ್ಪು. ಮಕ್ಕಳಿಗೆ ನೆನಪಿನ ಶಕ್ತಿ ಬರಲಿ ಅಂತ ತಂಬುಳಿ ಮಾಡಿ ಹಾಕುತ್ತೇವೆ ಅಷ್ಟೇ.

ಮೇಲ್ಮನವಿ ಹಾಕಿದೆ, ಗುರುತಿನ ಚೀಟಿ ಕಳಿಸಿದೆ, ಕೈಯಲ್ಲಿ ಚೀಟಿ ಹಿಡಿದು ಸೆಲ್ಫಿಯನ್ನೂ ಕಳಿಸಿದೆ. 19 ದಿನ ಆದ ಮೇಲೆ, ಮೇ 25ಕ್ಕೆ, ನಮ್ಮಿಂದ ತಪ್ಪಾಗಿದೆ, ಖಾತೆ ಮರಳಿ ಕೊಟ್ಟಿದ್ದೇವೆ ಅಂತ ನಿಮ್ಮ ಮೇಲ್ ಬಂತು. ಅದಕ್ಕೆ ಥ್ಯಾಂಕ್ಸ್, ನಿಜವಾಗಿಯೂ. ಫೋಟೊಗಳು, ಫಾಲೋವರ್‌ಗಳು ಎಲ್ಲ ಇದ್ದ ಹಾಗೇ ಇವೆ. ಇನ್‌ಬಾಕ್ಸ್ ಮಾತ್ರ ಖಾಲಿ. ಒಂದೇ ಒಂದು ಹಳೆಯ ಚಾಟ್ ಇಲ್ಲ.

ಮೇ 27ಕ್ಕೆ ಈ ಬಗ್ಗೆ ಮೊದಲ ದೂರು ಕೊಟ್ಟೆ. ಕ್ಯಾಶ್ ಕ್ಲಿಯರ್ ಮಾಡಿ ಅಂದಿರಿ, ಮಾಡಿದೆ. ಆ್ಯಪ್ ತೆಗೆದು ಮತ್ತೆ ಹಾಕಿ ಅಂದಿರಿ, ಹಾಕಿದೆ. ಆಮೇಲೆ, ಅಳಿಸಿದ ಮೆಸೇಜ್‌ಗಳನ್ನು ಮರಳಿ ತರಲು ಆಗುವುದಿಲ್ಲ ಅಂತ ಒಂದು ಉತ್ತರ ಕಳಿಸಿ ಟಿಕೆಟ್ ಮುಚ್ಚಿದಿರಿ. ಸ್ವಾಮಿ, ನಾನು ಏನನ್ನೂ ಅಳಿಸಿಲ್ಲ. ಅಳಿಸಿದವರಿಗೆ ಕೊಡುವ ಉತ್ತರ ನನಗೆ ಯಾಕೆ?

ಆ ಮೆಸೇಜ್‌ಗಳು ನಿಮ್ಮ ಹತ್ತಿರ ಇವೆ ಅಂತ ನಾನು ಯಾಕೆ ಹೇಳುತ್ತಿದ್ದೇನೆ ಅಂದರೆ, ನನ್ನ ಗಿರಾಕಿಗಳ ಫೋನಿನಲ್ಲಿ ಅವು ಇವತ್ತಿಗೂ ಕಾಣುತ್ತಿವೆ. ಬೆಂಗಳೂರಿನ ಒಬ್ಬರು ಹೋದ ವಾರವಷ್ಟೇ ಹೊಸ ಫೋನ್ ತಗೊಂಡು ಲಾಗಿನ್ ಆದರು, ಅದರಲ್ಲೂ 2022ರಿಂದ ನಾವಿಬ್ಬರೂ ಬರೆದಿದ್ದೆಲ್ಲ ಬಂದು ಕೂತಿದೆ. ಅಂದರೆ ಅದು ಅವರ ಫೋನಿನಲ್ಲಿಲ್ಲ, ನಿಮ್ಮ ಸರ್ವರಿನಲ್ಲಿದೆ, ಅಲ್ವಾ? ಒಂದೇ ವ್ಯತ್ಯಾಸ, ಅಲ್ಲಿ ನನ್ನ ಹೆಸರಿನ ಜಾಗದಲ್ಲಿ "ಬಳಕೆದಾರರು ಲಭ್ಯವಿಲ್ಲ" ಅಂತ ಬೂದು ಬಣ್ಣದ ಚಿತ್ರ ಇದೆ. ನಾನು ಈಗ ಅವರಿಗೆ ಹಾಯ್ ಅಂದರೆ ಅದು ಹಳೆಯ ಚಾಟಿನ ಕೆಳಗೆ ಬೀಳುವುದಿಲ್ಲ, ಹೊಸ ಚಾಟ್ ತೆರೆದುಕೊಳ್ಳುತ್ತದೆ. ಸಾಫ್ಟ್‌ವೇರ್ ಕೆಲಸ ಮಾಡುವ ನನ್ನ ಅಣ್ಣನ ಮಗ ಇದನ್ನು ನೋಡಿ, ಖಾತೆ ವಾಪಸ್ ಕೊಡುವಾಗ ಹಳೆಯ ಚಾಟ್‌ಗಳಿಗೂ ನಿನ್ನ ಖಾತೆಗೂ ಇದ್ದ ಕೊಂಡಿ ಮತ್ತೆ ಸೇರಿಸಿಲ್ಲ ಅಂತ ಕಾಣುತ್ತೆ ಅತ್ತೆ ಅಂದ. ಅವನ ಊಹೆ ತಪ್ಪಿದ್ದರೂ ಇರಬಹುದು, ಆದರೆ ನಿಮ್ಮ ತಾಂತ್ರಿಕ ವಿಭಾಗದವರು ಒಮ್ಮೆ ಅಲ್ಲಿ ಹುಡುಕಲಿ. ಮೂವರು ಗಿರಾಕಿಗಳು ಒಪ್ಪಿ ಕಳಿಸಿದ ಸ್ಕ್ರೀನ್‌ಶಾಟ್‌ಗಳನ್ನು ಜೊತೆಗೆ ಇಟ್ಟಿದ್ದೇನೆ, ಅವರ ಹೆಸರು ಮತ್ತು ವಿಳಾಸ ಮಸುಕು ಮಾಡಿದ್ದೇನೆ. ನನ್ನ ಡೇಟಾ ಡೌನ್‌ಲೋಡ್ ಮಾಡಿಯೂ ನೋಡಿದೆ, ಅದರಲ್ಲಿ ಮೇ 25ರ ನಂತರದ ಮೆಸೇಜ್‌ಗಳು ಮಾತ್ರ ಇವೆ.

ಮೆಸೇಜ್ ಹೋದರೆ ಹೋಯಿತು ಅಂತ ನಿಮಗೆ ಅನ್ನಿಸಬಹುದು. ನನಗೆ 14 ಜನ ಮಿಡಿ ಉಪ್ಪಿನಕಾಯಿಗೆ ಮುಂಗಡ ಕೊಟ್ಟಿದ್ದರು, ಒಟ್ಟು 6,300 ರೂಪಾಯಿ. ಯಾರಿಗೆ ಎಷ್ಟು ಬಾಟಲಿ, ಯಾರಿಗೆ ಖಾರ ಕಮ್ಮಿ, ಯಾವ ವಿಳಾಸ, ಎಲ್ಲ ಆ ಚಾಟಿನಲ್ಲೇ. ದುಡ್ಡು ಬಂದ ಲೆಕ್ಕ ಬ್ಯಾಂಕಿನಲ್ಲಿ ಸಿಗುತ್ತದೆ, ಆದರೆ ಅಲ್ಲಿರುವ ಹೆಸರೇ ಬೇರೆ, ಇಲ್ಲಿರುವ ಹೆಸರೇ ಬೇರೆ. ಗಂಡನ ನಂಬರಿನಿಂದ ಹಾಕಿದವರೂ ಇದ್ದಾರೆ. ಒಂಬತ್ತು ಜನ ಸಿಕ್ಕಿದರು. ಉಳಿದ ಐದು ಜನರ ಮಟ್ಟಿಗೆ ನಾನು ದುಡ್ಡು ತಗೊಂಡು ಮಾಯವಾದ ಹೆಂಗಸು.

ಇನ್ನೊಂದು ಚಾಟ್ ಇದೆ, ಅದು ಶಿರಸಿಯ ನಮ್ಮ ದೊಡ್ಡಮ್ಮನದು. ಅವರಿಗೆ ಟೈಪ್ ಮಾಡಲು ಬರುವುದಿಲ್ಲ, ಎಲ್ಲ ವಾಯ್ಸ್ ಮೆಸೇಜ್. ಮಿಡಿಯನ್ನು ಎಷ್ಟು ದಿನ ಉಪ್ಪಿನಲ್ಲಿಡಬೇಕು, ಸಾಸಿವೆ ಯಾವಾಗ ಅರೆಯಬೇಕು, ಮಧ್ಯೆ ಮಧ್ಯೆ ಕೋಳಿ ಓಡಿಸುವ ಸದ್ದು. ಅರವತ್ತಕ್ಕಿಂತ ಜಾಸ್ತಿ ಇದ್ದವು. ಅವರ ಫೋನ್ ಮಾರ್ಚ್‌ನಲ್ಲಿ ಬಾವಿಗೆ ಬಿತ್ತು, ಹಳೆಯ ಖಾತೆಯ ಪಾಸ್‌ವರ್ಡ್ ಅವರಿಗೆ ಗೊತ್ತಿಲ್ಲ. ಹಾಗಾಗಿ ಉಳಿದಿದ್ದು ನನ್ನ ಕಡೆಯ ಪ್ರತಿ ಮಾತ್ರ. ದೇವರ ದಯದಿಂದ ದೊಡ್ಡಮ್ಮ ಗಟ್ಟಿಮುಟ್ಟಾಗಿದ್ದಾರೆ, ಮತ್ತೆ ಕೇಳಿದರೆ ಹೇಳುತ್ತಾರೆ, ಆದರೆ ಪ್ರತಿ ಸಲವೂ ಬೇರೆ ಅಳತೆ! "ಒಂದ್ ಹಿಡಿ ಅಂದ್ರೆ ನನ್ ಹಿಡಿ, ನಿನ್ ಹಿಡಿ ಅಲ್ಲ" ಅನ್ನುತ್ತಾರೆ. ಗಿರಾಕಿಗಳಿಗೆ ಹಿಡಿಸಿದ ಅಳತೆ ಆ ವಾಯ್ಸ್ ಮೆಸೇಜ್‌ಗಳಲ್ಲಿತ್ತು.

ನಾನು ಕೇಳುವುದು ಇಷ್ಟು. ಮೇ 6ಕ್ಕಿಂತ ಹಿಂದಿನ ಚಾಟ್‌ಗಳನ್ನು ನನ್ನ ಖಾತೆಗೆ ಮತ್ತೆ ಜೋಡಿಸಿ. ಜೋಡಿಸಲು ಆಗದಿದ್ದರೆ ಫೈಲ್ ಮಾಡಿಯಾದರೂ ಕಳಿಸಿ, ವಾಯ್ಸ್ ಮೆಸೇಜ್ ಸಮೇತ. ಇದು ತೀರ್ಮಾನ ಆಗುವವರೆಗೆ ಹಳೆಯ ಖಾತೆಗೆ ಸೇರಿದ ಏನನ್ನೂ ಅಳಿಸಬೇಡಿ. ನಿಜವಾಗಿಯೂ ಅಳಿಸಿ ಹೋಗಿದ್ದರೆ ಯಾವತ್ತು ಅಳಿಸಿದ್ದು ಅಂತ ಬರೆದು ಕೊಡಿ, ಆ ಐದು ಜನರಿಗೆ ತೋರಿಸಲು ನನಗೊಂದು ಕಾಗದವಾದರೂ ಬೇಕು. ಪರಿಹಾರ ಗಿರಿಹಾರ ನಾನು ಕೇಳುತ್ತಿಲ್ಲ.

ಈ ಪತ್ರದ ಪ್ರತಿಯನ್ನು ನಿಮ್ಮ ಕುಂದುಕೊರತೆ ಅಧಿಕಾರಿಗೂ ಕಳಿಸಿದ್ದೇನೆ. 2021ರ ಐಟಿ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 24 ಗಂಟೆಯೊಳಗೆ ತಿಳಿಸಬೇಕು, 15 ದಿನದಲ್ಲಿ ಇತ್ಯರ್ಥ ಮಾಡಬೇಕು. ನನ್ನ ಮೊದಲ ದೂರಿಗೆ ಇವತ್ತಿಗೆ 18 ದಿನ. ಟಿಕೆಟ್ ಮುಚ್ಚುವುದನ್ನೇ ಇತ್ಯರ್ಥ ಅಂತ ನೀವು ಲೆಕ್ಕ ಹಿಡಿದಿದ್ದರೆ ನಾನು ಒಪ್ಪುವುದಿಲ್ಲ. ಸರಿಯಾದ ಉತ್ತರ ಬರದಿದ್ದರೆ ಸರ್ಕಾರದ ಮೇಲ್ಮನವಿ ಸಮಿತಿಗೆ, gac.gov.in ಮೂಲಕ, ಹಾಕುತ್ತೇನೆ. ಹೆದರಿಸಲು ಹೇಳುತ್ತಿಲ್ಲ, ಅಲ್ಲಿಗೆ ಹೋಗದೇ ಮುಗಿದರೆ ನನಗೂ ಒಳ್ಳೆಯದು, ಹಪ್ಪಳದ ಕೆಲಸವೇ ರಾಶಿ ಬಾಕಿ ಇದೆ.

ಈ ಮೇಲ್ ಬಂದಿರುವ ವಿಳಾಸವೇ ಖಾತೆಗೆ ಜೋಡಿಸಿರುವುದು. ಫೋನ್ ಮಾಡುವುದಾದರೆ ಖಾತೆಯಲ್ಲಿರುವ ನಂಬರಿಗೆ ಮಧ್ಯಾಹ್ನ 2ರಿಂದ 5ರೊಳಗೆ ಮಾಡಿ. ನಮ್ಮ ಮನೆ ಒಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಆ ಹೊತ್ತಿಗೆ ನಾನು ಅಂಗಳದಲ್ಲಿರುತ್ತೇನೆ.

ಇಂತಿ,
ಶೈಲಜಾ