ಎಡದಿಂದ ಬಲಕ್ಕೆ, ವನಜಾಳನ್ನೂ ಸೇರಿಸಿ

ನಾವು ಗೆಳೆಯರೆಲ್ಲ ಸೇರಿದ ದಿನದ ಈ ಫೋಟೋದಲ್ಲಿ ಹಿಂದೆ ನಿಂತವರು ಎಡದಿಂದ ಗಿರೀಶ, ಮುಮ್ತಾಜ್, ರಾಜೇಶ. ಮುಂದೆ ಕೂತವರು ಶೋಭಾ, ನಾನು, ಪ್ರೇಮಾ. ಶೋಭಾಳ ಕೈಯಲ್ಲಿ ಒಂದು ಫೋನ್ ಇದೆ ನೋಡಿ, ಅದರ ಪರದೆ ಬರೀ ಬಿಳಿ ಚೌಕದ ಹಾಗೆ ಕಾಣುತ್ತಿದೆ. ಅದು ವನಜಾ. ನಮ್ಮನ್ನೆಲ್ಲ ಹೀಗೆ ನಿಲ್ಲಿಸಿ ಕೂರಿಸಿದವಳೂ ಅವಳೇ.

ನಾವು ಸೇರಬೇಕು ಅಂತ ಎಲ್ಲರಿಗಿಂತ ಹೆಚ್ಚು ಹಟ ಹಿಡಿದಿದ್ದವಳು ಅವಳು. ಗ್ರೂಪ್‌ನಲ್ಲಿ ದಿನಾಂಕ ಹಾಕಿದ್ದು ಅವಳು. "ನೋಡ್ತೀನಿ" ಅಂತ ಬರೆದವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ "ಬರ್ತೀನಿ" ಅನ್ನಿಸಿದ್ದೂ ಅವಳೇ. ಹೋದ ಸಲ ಮುಮ್ತಾಜ್ ಬರಲಾಗಿರಲಿಲ್ಲ, ಅದಕ್ಕೇ ಈ ಸಲ ಅವಳಿಗೆ ಅನುಕೂಲವಾದ ದಿನವನ್ನೇ ನೋಡಿ ಇಟ್ಟಿದ್ದಳು. ತನ್ನ ರಜೆಯನ್ನೂ ಬಹಳ ಮುಂಚೆಯೇ ಮಂಜೂರು ಮಾಡಿಸಿಕೊಂಡಿದ್ದಳು. ಹಿಂದಿನ ದಿನ ಸಂಜೆ ಅವಳ ಜೊತೆ ಕೆಲಸ ಮಾಡುವ ನರ್ಸ್ ಒಬ್ಬರ ಮಗುವಿಗೆ ಜ್ವರ ಜಾಸ್ತಿಯಾಯಿತು. ಆ ತಾಯಿ ಮಗುವಿನ ಹತ್ತಿರ ಇರಲಿ ಅಂತ ವನಜಾ ತನ್ನ ರಜೆ ಬಿಟ್ಟುಕೊಟ್ಟು ಆ ಡ್ಯೂಟಿ ತೆಗೆದುಕೊಂಡಳು. ಮಗು ಈಗ ಹುಷಾರಾಗಿದೆಯಂತೆ. ಇಷ್ಟನ್ನು ಇಲ್ಲಿ ಬರೆಯಬಹುದಾ ಅಂತ ಅವಳನ್ನು ಕೇಳಿದ ಮೇಲೆಯೇ ಬರೆಯುತ್ತಿದ್ದೇನೆ. "ನನ್ನ ಬಗ್ಗೆ ಜಾಸ್ತಿ ಹೊಗಳಬೇಡ" ಅಂದಳು. ಆ ಮಾತೊಂದನ್ನು ನಾನು ಕೇಳುವುದಿಲ್ಲ.

ಐಸಿಯು ಕೆಲಸ ಅಂದರೆ ಏನು ಅಂತ ಅವಳಿಂದಲೇ ಸ್ವಲ್ಪ ಸ್ವಲ್ಪ ತಿಳಿದಿದ್ದೇವೆ. ವೆಂಟಿಲೇಟರ್‌ನಲ್ಲಿ ಇರುವವರ ಪಕ್ಕದಿಂದ ಸುಮ್ನೆ ಎದ್ದು ಬರಲು ಆಗುವುದಿಲ್ಲ. ಮುಂದಿನ ಪಾಳಿಯವರು ಬರಬೇಕು. ಯಾವ ಔಷಧ ಎಷ್ಟು ಹೊತ್ತಿಗೆ ಕೊಟ್ಟಿದೆ, ಡ್ರಿಪ್ ಎಷ್ಟರಲ್ಲಿ ಓಡುತ್ತಿದೆ, ಮನೆಯವರಿಗೆ ಏನು ಹೇಳಿದೆ, ಎಲ್ಲವನ್ನೂ ಅವರಿಗೆ ಒಪ್ಪಿಸಬೇಕು. ಬದಲಿ ಬರಲಿಲ್ಲ ಅಂದರೆ ಇದ್ದವರೇ ಮುಂದುವರಿಸಬೇಕು. ಹಾಗಾಗಿ "ಒಂದೇ ಒಂದು ಗಂಟೆ ಬಂದು ಹೋಗೇ" ಅಂತ ನಮ್ಮಲ್ಲಿ ಯಾರೂ ಕೇಳಲಿಲ್ಲ. ಹಾಗೆ ಕೇಳಿದ್ದರೆ ಅವಳಿಗೆ ಇಲ್ಲ ಅನ್ನುವ ಕಷ್ಟವೂ ಸೇರಿಕೊಳ್ಳುತ್ತಿತ್ತು, ಅಲ್ವಾ?

ಡ್ಯೂಟಿಗೆ ಒಳಗೆ ಹೋಗುವ ಮುಂಚೆ ಅವಳಿಗೆ ಸ್ವಲ್ಪ ಹೊತ್ತು ಬಿಡುವಿತ್ತು. ಯೂನಿಫಾರ್ಮ್ ಹಾಕಿಕೊಂಡು, ಕೂದಲು ಎತ್ತಿ ಕಟ್ಟಿಕೊಂಡು ವಿಡಿಯೋ ಕಾಲ್ ಮಾಡಿದಳು. ನಾವು ಆಗ ತಾನೇ ಫೋಟೋಗೆ ನಿಂತಿದ್ದೆವು. ಫೋನ್ ಎತ್ತಿ ನಮ್ಮ ಕಡೆ ತಿರುಗಿಸಿದ ಕೂಡಲೇ ಶುರುವಾಯಿತು.

"ಅಯ್ಯೋ, ಕಿಟಕಿಗೆ ಬೆನ್ನು ಹಾಕಿ ಯಾಕೆ ನಿಂತಿದ್ದೀರಿ? ಎಲ್ಲರ ಮುಖ ಕಪ್ಪಾಗಿ ಬರುತ್ತೆ. ಎದುರುಗಡೆ ಬನ್ನಿ!"

ಎಲ್ಲರೂ ಕುರ್ಚಿ ಎತ್ತಿಕೊಂಡು ಕೋಣೆಯ ಆ ಕಡೆಗೆ ಹೋದೆವು. ಈಗ ಕಿಟಕಿಯ ಬೆಳಕು ನೇರವಾಗಿ ಮುಖದ ಮೇಲೆ ಬಿತ್ತು.

"ಮುಮ್ತಾಜ್, ಗದ್ದ ಒಂಚೂರು ಕೆಳಗೆ. ನಿನ್ನ ಕನ್ನಡಕದಲ್ಲಿ ಪೂರ್ತಿ ಕಿಟಕಿ ಕಾಣ್ತಿದೆ ಕಣೇ. ಗಿರೀಶ, ನೀನು ಅಷ್ಟು ತುದಿಗೆ ಹೋಗಬೇಡ, ತುದಿಯಲ್ಲಿ ಇದ್ದವರ ಮುಖ ಎಳೆದ ಹಾಗೆ ಬರುತ್ತೆ. ಫೋನನ್ನ ಇನ್ನೂ ನಾಲ್ಕು ಹೆಜ್ಜೆ ಹಿಂದೆ ಇಡಿ, ಆ ಅಗಲದ ಲೆನ್ಸ್ ಬೇಡ."

ಅವಳು ಹೇಳಿದ್ದು ನಿಜ. ಜಾಗ ಸಾಲದು ಅಂತ ನಾವು ವೈಡ್ ಆಂಗಲ್‌ನಲ್ಲಿ ಒಂದು ತೆಗೆದಿದ್ದೆವು. ಅದರಲ್ಲಿ ಗಿರೀಶನ ತಲೆಯೇ ಪಕ್ಕಕ್ಕೆ ಜಗ್ಗಿದ ಹಾಗಿತ್ತು. ಫೋನನ್ನು ಹಿಂದೆ ಸರಿಸಿ ಸಾಮಾನ್ಯ ಲೆನ್ಸ್‌ನಲ್ಲಿ ತೆಗೆದ ಮೇಲೆ ಅವನು ಅವನಂತೆಯೇ ಬಂದಿದ್ದಾನೆ.

ಆಮೇಲೆ ಕಣ್ಣಿನ ವಿಷಯ. ನಮ್ಮ ಗುಂಪಿನ ಹಳೇ ಫೋಟೋಗಳನ್ನು ನೋಡಿದವರಿಗೆ ಗೊತ್ತು, ಪ್ರೇಮಾಳ ಕಣ್ಣು ಪ್ರತಿ ಸಲ ಮುಚ್ಚಿಯೇ ಇರುತ್ತದೆ. ಅದಕ್ಕೆ ವನಜಾಳ ಹತ್ತಿರ ಒಂದು ಉಪಾಯ ಇದೆ. ಎಲ್ಲರೂ ಮೊದಲೇ ಕಣ್ಣು ಮುಚ್ಚಿಕೊಳ್ಳಬೇಕು. ಅವಳು ಮೂರು ಎಣಿಸಿದಾಗ ಎಲ್ಲರೂ ಒಟ್ಟಿಗೇ ತೆರೆಯಬೇಕು. ಟೈಮರ್‌ಗೆ 10 ಸೆಕೆಂಡ್ ಇಟ್ಟು ನಾನು ಓಡಿ ಬಂದು ಕೂತೆ. ಅವಳು ಆ ಕಡೆಯಿಂದ ಜೋರಾಗಿ ಎಣಿಸಿದಳು. ನಾವು ಆರೂ ಜನ ಕಣ್ಣು ಮುಚ್ಚಿ ಅವಳ ದನಿ ಕೇಳುತ್ತಾ ಕೂತಿದ್ದೆವು. "ಮೂರು" ಅಂದಳು. ಕಣ್ಣು ಬಿಟ್ಟೆವು. ಪ್ರೇಮಾಳ ಎರಡೂ ಕಣ್ಣು ಇಷ್ಟು ದೊಡ್ಡದಾಗಿ ಬಂದಿರುವ ಮೊದಲ ಫೋಟೋ ಇದು. ಎಲ್ಲರ ಮುಖದಲ್ಲಿ ಕಾಣುವ ಆ ನಗು ಕ್ಯಾಮೆರಾಗೆ ಅಲ್ಲ, ಅವಳು ಎಣಿಸಿದ ರೀತಿಗೆ.

ಇನ್ನು ಆ ಬಿಳಿ ಚೌಕದ ಕಥೆ. ಕೋಣೆಯ ಬೆಳಕು ಕಡಿಮೆ ಇತ್ತು. ಕ್ಯಾಮೆರಾ ನಮ್ಮ ಮುಖಗಳು ಕಾಣಲಿ ಅಂತ ಬೆಳಕು ಏರಿಸಿಕೊಂಡಿತು. ಶೋಭಾ ಹಿಡಿದಿದ್ದ ಫೋನ್‌ನ ಪರದೆ ಅದರ ಮುಂದೆ ತುಂಬಾ ಪ್ರಖರವಾಗಿತ್ತು, ಹಾಗಾಗಿ ಪೂರ್ತಿ ಬೆಳ್ಳಗಾಗಿ ಹೋಯಿತು. ಪರದೆಯ ಬೆಳಕು ತಗ್ಗಿಸಿ ಇನ್ನೊಂದು ತೆಗೆಯೋಣ ಅನ್ನುವಷ್ಟರಲ್ಲಿ ಅವಳನ್ನು ಒಳಗೆ ಕರೆದರು. "ಹೋಗ್ಬೇಕು ಕಣ್ರೇ, ಚೆನ್ನಾಗಿ ಬಂದಿದೆ ಅಂತ ಇಟ್ಕೊಳ್ಳಿ" ಅಂದು ಕೈಬೀಸಿ ಕಾಲ್ ಕಟ್ ಮಾಡಿದಳು. ನಾವು ಒಂದು ಕ್ಷಣ ಸುಮ್ಮನಾದೆವು. ಆಮೇಲೆ ಶೋಭಾನೇ ಹೇಳಿದಳು, "ಇದನ್ನೇ ಹಾಕೋಣ."

ಅವಳ ಹಳೇ ಫೋಟೋದಿಂದ ಮುಖ ಕತ್ತರಿಸಿ ನಮ್ಮ ಮಧ್ಯೆ ಅಂಟಿಸಬಹುದು ಅಂತ ರಾಜೇಶ ಪ್ರೀತಿಯಿಂದಲೇ ಹೇಳಿದ. ಅವನಿಗೆ ಆ ಕೆಲಸ ಚೆನ್ನಾಗಿ ಬರುತ್ತದೆ, ಮಾಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲವೇನೋ. ನನಗೆ ಮಾತ್ರ ಮನಸ್ಸು ಬರಲಿಲ್ಲ. ಆ ದಿನ ಆ ಹೊತ್ತಿಗೆ ಅವಳು ನಮ್ಮ ಮಧ್ಯೆ ನಿಂತಿರಲಿಲ್ಲ, ಬೇರೆಯವರ ಹಾಸಿಗೆ ಪಕ್ಕ ನಿಲ್ಲಲು ಹೊರಟಿದ್ದಳು. ಅದನ್ನು ಅಳಿಸಿ ಬೇರೆ ಫೋಟೋ ಮಾಡುವುದು ಯಾಕೆ? ಈ ಬಿಳಿ ಚೌಕದಲ್ಲಿ ಅವಳು ಆ ಹೊತ್ತಿನಲ್ಲಿ ನಿಜವಾಗಿಯೂ ಇದ್ದಳು. ನಮ್ಮನ್ನು ನೋಡುತ್ತಿದ್ದಳು, ಎಣಿಸುತ್ತಿದ್ದಳು. ನನಗೆ ಅದು ಸಾಕು. ಹೇಳಿದ ಮೇಲೆ ರಾಜೇಶನೂ ಒಪ್ಪಿದ.

ನಮ್ಮನ್ನೆಲ್ಲ ಬಲ್ಲವರು ಈ ಫೋಟೋ ನೋಡಿದ ಕೂಡಲೇ ತಲೆ ಎಣಿಸುತ್ತಾರೆ. ಆರು ಇದೆಯಲ್ಲ, ಏಳನೆಯವಳು ಎಲ್ಲಿ ಅಂತ ಕೇಳುತ್ತಾರೆ. ಅವರಿಗೆ ನನ್ನದೊಂದು ಕೋರಿಕೆ. "ವನಜಾ ಯಾಕೆ ಬರಲಿಲ್ಲ", "ಮಿಸ್ ಮಾಡ್ಕೊಂಡ್ಬಿಟ್ಟೆ ನೋಡು", "ಎಷ್ಟು ಮಜಾ ಇತ್ತು ಗೊತ್ತಾ" ಅಂತ ಬರೆಯಬೇಡಿ. ಪ್ರೀತಿಯಿಂದಲೇ ಬರೆಯುತ್ತೀರಿ, ಗೊತ್ತು. ಆದರೆ ರಾತ್ರಿಯೆಲ್ಲ ನಿಂತು ದಣಿದು ಮನೆಗೆ ಹೋಗಿ ಫೋನ್ ತೆಗೆದವಳಿಗೆ ಮೊದಲು ಕಾಣುವ ಮಾತು ಅದಾಗಬಾರದು. ಅವಳಿಗೆ ಏನಾದರೂ ಹೇಳಬೇಕು ಅನ್ನಿಸಿದರೆ ಅವಳ ಜೊತೆಗಿನ ಒಂದು ನೆನಪು ಬರೆಯಿರಿ. ಹಳೇ ಫೋಟೋ ಇದ್ದರೆ ಹಾಕಿ. ನಮ್ಮೆಲ್ಲರ ಫೋಟೋಗಳನ್ನು ತೆಗೆದವಳು ಅವಳೇ ಆದ್ದರಿಂದ ಅವಳು ಇರುವ ಫೋಟೋಗಳು ನಮ್ಮ ಹತ್ತಿರ ನಿಜಕ್ಕೂ ಕಡಿಮೆ. ಯಾರ ಹತ್ತಿರ ಇದ್ದರೂ ನನಗೆ ಕಳಿಸಿ, ನಾನು ಒಂದು ಕಡೆ ಕೂಡಿಡುತ್ತಿದ್ದೇನೆ.

ಬರಲಾಗದೆ ಇದ್ದ ಇನ್ನೂ ಕೆಲವರಿಗೂ ಇದೇ ಮಾತು. ದೂರ ಇದ್ದೀರಿ, ಮನೆಯಲ್ಲಿ ಹಿರಿಯರನ್ನು ಬಿಟ್ಟು ಬರುವ ಹಾಗಿಲ್ಲ, ಕೈ ಸ್ವಲ್ಪ ಬಿಗಿಯಾಗಿದೆ, ಅಥವಾ ಅಷ್ಟು ಜನರ ಮಧ್ಯೆ ಕೂರುವ ಮನಸ್ಸಿಲ್ಲ. ಕಾರಣ ಏನೇ ಇರಲಿ, ನಮಗೆ ಲೆಕ್ಕ ಒಪ್ಪಿಸಬೇಕಾಗಿಲ್ಲ. ಮುಂದಿನ ಸಲವೂ ಕರೆಯುತ್ತೇವೆ. ಅದರ ಮುಂದಿನ ಸಲವೂ.

ಈಗ ವನಜಾ, ನಿನಗೆ.

ಟ್ಯಾಗ್ ಮಾಡುವಾಗ ಮೊದಲು ನಿನ್ನ ಹೆಸರೇ ಹಾಕಿದ್ದೇನೆ, ಆ ಬಿಳಿ ಚೌಕದ ಮೇಲೆಯೇ. ನೀನು ಕಾಲ್ ಕಟ್ ಮಾಡಿದ ಮೇಲೆ ಬಹಳ ಹೊತ್ತು ನಿನ್ನ ವಿಷಯವೇ ಮಾತಾಡಿದೆವು. ಪರೀಕ್ಷೆಗೆ ಮುಂಚೆ ಪ್ರೇಮಾ ಅಳುತ್ತಾ ಕೂತಾಗ ನೀನು ಬಾಯಿಪಾಠ ಮಾಡಿಸಿದ್ದು ಬಂತು. ಗಿರೀಶನ ಅಪ್ಪ ತೀರಿಕೊಂಡಾಗ ಯಾರಿಗೂ ಹೇಳದೆ ಹೋಗಿ ಅವನ ಅಮ್ಮನ ಹತ್ತಿರ ಕೂತಿದ್ದು ಬಂತು. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ ಕಣೇ, ಗಿರೀಶ ಈಗ ಹೇಳಿದ. ಹೇಳುವಾಗ ಅವನ ದನಿ ಸ್ವಲ್ಪ ಕಟ್ಟಿತು. ನೀನು ಎದುರಿಗೆ ಇದ್ದಿದ್ದರೆ ಅವನು ಹೇಳುತ್ತಿರಲಿಲ್ಲ, ನೀನೂ ಹೇಳಗೊಡುತ್ತಿರಲಿಲ್ಲ.

ನೀನು ಇದ್ದಿದ್ದರೆ ಚೆನ್ನಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ. ಆದರೆ ನೀನು ಮಾಡಿದ್ದು ಸರಿ, ನಿನ್ನ ಜಾಗದಲ್ಲಿ ಬೇರೆ ಏನು ಮಾಡಿದ್ದರೂ ಅದು ನೀನಾಗಿರುತ್ತಿರಲಿಲ್ಲ. "ಸಾರಿ" ಅಂತ ಬೆಳಿಗ್ಗೆ ಕಳಿಸಿದ್ದೀಯಲ್ಲ, ಅದನ್ನು ಅಳಿಸು.

ಮುಂದಿನ ಸಲದ ದಿನ ನೀನೇ ಹೇಳು. ನಿನ್ನ ಡ್ಯೂಟಿ ಪಟ್ಟಿ ಕೈಗೆ ಬಂದ ಮೇಲೆ ನಾವು ಆರು ಜನ ನಮ್ಮ ನಮ್ಮ ರಜೆ ಅದಕ್ಕೆ ಹೊಂದಿಸಿಕೊಳ್ಳುತ್ತೇವೆ, ಎಲ್ಲರೂ ಒಪ್ಪಿಯಾಗಿದೆ. ಅವತ್ತು ಫೋಟೋ ತೆಗೆಯುವ ಕೆಲಸ ನಿನಗಿಲ್ಲ. ನೀನು ಮುಂದಿನ ಸಾಲಿನ ನಡುವೆ ಕೂರಬೇಕು.

ಫೋಟೋಗಳನ್ನೆಲ್ಲ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದ್ದೇನೆ, ಹಾಗೆ ಕಳಿಸಿದರೆ ಕ್ಲಾರಿಟಿ ಹೋಗುವುದಿಲ್ಲ. ನಿದ್ದೆ ಮುಗಿಸಿ ಎದ್ದ ಮೇಲೆ ನೋಡು, ಅವಸರವೇನಿಲ್ಲ. ಯಾವುದನ್ನು ಫ್ರೇಮ್ ಹಾಕಿಸಬೇಕು ಅಂತ ನೀನು ಹೇಳಿದ ಮೇಲೆ ಶೋಭಾ ಏಳು ಪ್ರಿಂಟ್ ಮಾಡಿಸುತ್ತಾಳೆ.